ಬಸವಣ್ಣನ ಪರ ಕೋರ್ಟಿಗೆ ಹೋಗಬಹುದು, ವೃಷಭಾವತಿಯ ಪರ?

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ವೃಷಭಾವತಿ ಹುಟ್ಟುತ್ತಾಳೆ ಅನ್ನುವುದು ಬೆಂಗಳೂರಿನ ಹಳೆಯ ನಂಬಿಕೆ. ಅಲ್ಲಿಂದ ಇಳಿದ ನೀರು ಮೈಸೂರು ರಸ್ತೆಯ ಪಕ್ಕದಲ್ಲೇ ಸಾಗಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಈ ದಾರಿಯಲ್ಲಿ ಒಂದು ವಿಚಿತ್ರ ಇದೆ. ನದಿ ಹುಟ್ಟುವ ಕಡೆ ಪೂಜೆಗೊಳ್ಳುವ ದೇವರು ಕಾನೂನಿನ ಲೆಕ್ಕದಲ್ಲಿ ಒಬ್ಬ ವ್ಯಕ್ತಿ. ದಂಡೆಯ ಮೇಲಿರುವ ಕಂಪನಿಗಳು ಒಂದೊಂದೂ ಒಬ್ಬೊಬ್ಬ ವ್ಯಕ್ತಿ. ನಡುವೆ ಹರಿಯುವ ನದಿ ಮಾತ್ರ ವ್ಯಕ್ತಿ ಅಲ್ಲ.

ಹಾಗಾದರೆ ನದಿಯನ್ನೂ ವ್ಯಕ್ತಿ ಅಂತ ಘೋಷಿಸಿಬಿಟ್ಟರೆ ಆಯ್ತಲ್ವಾ? ಉತ್ತರಾಖಂಡ ಹೈಕೋರ್ಟ್ 2017ರಲ್ಲಿ ಗಂಗೆ, ಯಮುನೆಗೆ ಹಾಗೇ ಮಾಡಿತು. ನಾಲ್ಕು ತಿಂಗಳು ತುಂಬುವ ಮೊದಲೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಆ ಆದೇಶ ಯಾಕೆ ನಿಲ್ಲಲಿಲ್ಲ ಅಂತ ನೋಡಿದರೆ, ಕಾನೂನು ಒಂದು ವಸ್ತುವನ್ನು ವ್ಯಕ್ತಿ ಅಂತ ಕರೆದಾಗ ನಿಜವಾಗಿ ಏನು ಮಾಡುತ್ತದೆ ಅನ್ನುವುದು ತಿಳಿಯುತ್ತದೆ.

ಮೊದಲಿಗೆ ಒಂದು ತಪ್ಪು ತಿಳುವಳಿಕೆ ಬಿಡಬೇಕು. ಕಾನೂನು ಯಾರನ್ನಾದರೂ ವ್ಯಕ್ತಿ ಅಂದರೆ ಅವರಿಗೆ ಜೀವ ಇದೆ, ಮನಸ್ಸಿದೆ ಅಂತ ಒಪ್ಪಿದ ಹಾಗಲ್ಲ. ಅವರ ಹೆಸರಲ್ಲಿ ಆಸ್ತಿ ಇರಬಹುದು, ಅವರು ಕೇಸು ಹಾಕಬಹುದು, ಅವರ ಮೇಲೆ ಕೇಸು ಹಾಕಬಹುದು ಅಂತ ಮಾತ್ರ ಅರ್ಥ. ಮನುಷ್ಯರಲ್ಲದವರು ಈ ಪಟ್ಟಿಗೆ ಬರಬೇಕಾದರೆ ಮೂರು ಏರ್ಪಾಡು ಬೇಕೇ ಬೇಕು ಅನ್ನುವುದು ನನ್ನ ವಾದ. ಅವರ ಪರವಾಗಿ ಮಾತಾಡುವವರು ಬೇಕು. ಅವರದೇ ಆದ ದುಡ್ಡು ಬೇಕು. ಮಾತಾಡುವವರೇ ದಾರಿ ತಪ್ಪಿದಾಗ ಹಿಡಿದು ಕೇಳುವವರು ಬೇಕು.

ಕಂಪನಿಯಲ್ಲಿ ಇವು ಮೂರೂ ಇವೆ, ಹಾಗಾಗಿ ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಂಡನ್ನಿನಲ್ಲಿ ಬೂಟು ಮಾಡುತ್ತಿದ್ದ ಆರನ್ ಸಾಲೊಮನ್ 1892ರಲ್ಲಿ ತನ್ನ ವ್ಯಾಪಾರವನ್ನು ತಾನೇ ಮಾಡಿದ ಕಂಪನಿಗೆ ಮಾರಿದ. ಆಗ ಕಾನೂನಿಗೆ ಏಳು ಷೇರುದಾರರು ಬೇಕಿತ್ತು. ಹೆಂಡತಿ ಮಕ್ಕಳ ಹೆಸರಲ್ಲಿ ಆರು ಷೇರು ಬರೆಸಿದ, ಉಳಿದ 20,001 ತನ್ನವೇ. ಕಂಪನಿ ಮುಳುಗಿತು. ಸಾಲ ಕೊಟ್ಟವರಿಗೆ ಸಾಲೊಮನ್ನೇ ದುಡ್ಡು ಕೊಡಬೇಕು, ಕಂಪನಿ ಬರೀ ಅವನ ಮುಖವಾಡ ಅಂತ ವಾದ ನಡೆಯಿತು. ಕೆಳಗಿನ ಕೋರ್ಟುಗಳು ಒಪ್ಪಿದವು. ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಾನೂನಿನ ಪ್ರಕಾರ ನೋಂದಣಿಯಾದ ಮೇಲೆ ಕಂಪನಿ ಬೇರೆ, ಸಾಲೊಮನ್ ಬೇರೆ ಅಂತ ತೀರ್ಪು ಕೊಟ್ಟಿತು. ಇವತ್ತು ಬೆಂಗಳೂರಿನ ಯಾವುದೇ ಸ್ಟಾರ್ಟಪ್ ನೋಂದಣಿಯಾದಾಗಲೂ ಅದೇ ತತ್ವ ಕೆಲಸ ಮಾಡುತ್ತದೆ. ಮಾತಾಡಲು ನಿರ್ದೇಶಕರಿದ್ದಾರೆ. ದುಡ್ಡು ಕಂಪನಿಯ ಖಾತೆಯಲ್ಲಿದೆ. ನಿರ್ದೇಶಕರು ಕಂಪನಿಯನ್ನು ಕೊಳ್ಳೆ ಹೊಡೆದರೆ ಷೇರುದಾರರು ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ಮೋಸಕ್ಕೆ ಕಂಪನಿಯನ್ನು ಮರೆಯಾಗಿ ಬಳಸಿದರೆ ಕೋರ್ಟು ಆ ಮುಸುಕನ್ನು ಸರಿಸಿ ಹಿಂದಿರುವ ಮನುಷ್ಯನನ್ನು ನೋಡುತ್ತದೆ.

ದೇವರ ವಿಷಯ ಹೆಚ್ಚು ಕುತೂಹಲದ್ದು. ಷೇರು, ನಿರ್ದೇಶಕ ಮಂಡಳಿ ಯಾವುದೂ ಇಲ್ಲದೆ, ಕೇಸಿನ ಮೇಲೆ ಕೇಸು ನಡೆದು ಈ ಕಾನೂನು ಬೆಳೆದಿದೆ. ಅದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಕಲ್ಕತ್ತಾದ ಮಲ್ಲಿಕ್ ಕುಟುಂಬದ ಜಗಳ. ಆಗ ಭಾರತದ ಕೇಸುಗಳಿಗೂ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1925ರಲ್ಲಿ ಅದನ್ನು ತೀರ್ಮಾನಿಸಿತು.

ಜಗಳ ಕೇಳಲು ಸರಳ. ಮನೆದೇವರ ವಿಗ್ರಹವೊಂದಿತ್ತು. ಅದರ ಪೂಜೆ ಅಣ್ಣತಮ್ಮಂದಿರಿಗೆ ಸರದಿಯಂತೆ ಬರುತ್ತಿತ್ತು. ತನ್ನ ಸರದಿ ಬಂದಾಗ ದೇವರನ್ನು ತನ್ನ ಮನೆಗೆ ಒಯ್ದು ಪೂಜೆ ಮಾಡುವ ಹಕ್ಕಿದೆ ಅನ್ನುವುದು ಒಂದು ಕಡೆಯ ಮಾತು. ದೇವರು ಇದ್ದಲ್ಲೇ ಇರಬೇಕು ಅನ್ನುವುದು ಇನ್ನೊಂದು ಕಡೆಯ ಮಾತು. ನಮ್ಮೂರುಗಳಲ್ಲಿ ಉತ್ಸವಮೂರ್ತಿ ಯಾರ ಬೀದಿಗೆ ಮೊದಲು ಬರಬೇಕು ಅಂತ ನಡೆಯುವ ಜಗಳ ನೋಡಿದವರಿಗೆ ಇದೇನೂ ಹೊಸದಲ್ಲ.

ಪ್ರಿವಿ ಕೌನ್ಸಿಲ್ ಎರಡು ಮಾತು ಹೇಳಿತು. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು. ಹಿಂದೂ ವಿಗ್ರಹ ಕುರ್ಚಿ ಮೇಜಿನ ಹಾಗೆ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ಸಾಮಾನಲ್ಲ, ಅದು ಕಾನೂನಿನ ವ್ಯಕ್ತಿ. ಕೇಸು ಹಾಕಬಹುದು, ಎದುರಿಸಬಹುದು. ಎರಡನೆಯ ಮಾತನ್ನು ಜನ ಅಷ್ಟಾಗಿ ನೆನಪಿಡುವುದಿಲ್ಲ. ದೇವರು ವ್ಯಕ್ತಿಯಾದ ಮೇಲೆ ತಾನು ಎಲ್ಲಿರಬೇಕು ಅನ್ನುವುದರ ಬಗ್ಗೆ ಅದರ ಇಚ್ಛೆಗೂ ಬೆಲೆ ಇದೆ. ಆ ಇಚ್ಛೆಯನ್ನು ಸಾಮಾನ್ಯವಾಗಿ ಕೋರ್ಟಿಗೆ ತಿಳಿಸುವವರು ಶೆಬಾಯಿತ್, ಅಂದರೆ ದೇವರ ಸೇವೆ ಮತ್ತು ಆಸ್ತಿ ನೋಡಿಕೊಳ್ಳುವ ಉಸ್ತುವಾರಿ. ಆದರೆ ಇಲ್ಲಿ ಕಿತ್ತಾಡುತ್ತಿರುವವರೇ ಉಸ್ತುವಾರಿಗಳು! ಇವರಲ್ಲಿ ಯಾರು ಬಾಯಿ ತೆರೆದರೂ ದೇವರ ಹೆಸರಲ್ಲಿ ತಮ್ಮ ಮಾತನ್ನೇ ಆಡುತ್ತಾರೆ. ಹಾಗಾಗಿ ಕೌನ್ಸಿಲ್ ಕೇಸನ್ನು ವಾಪಸ್ ಕಳಿಸಿತು. ಜಗಳದಲ್ಲಿ ಯಾವ ಲಾಭವೂ ಇಲ್ಲದ ಹೊರಗಿನ ಒಬ್ಬರನ್ನು ಕೋರ್ಟೇ ನೇಮಿಸಬೇಕು, ಅವರು ದೇವರ ಪರವಾಗಿ ಮಾತಾಡಲಿ ಅಂತ ಹೇಳಿತು. ಅಪ್ರಾಪ್ತ ಮಗುವಿನ ಪರವಾಗಿ ಕೇಸು ನಡೆಸುವವರನ್ನು ಕೋರ್ಟಿನ ಭಾಷೆಯಲ್ಲಿ ನೆಕ್ಸ್ಟ್ ಫ್ರೆಂಡ್ ಅನ್ನುತ್ತಾರೆ. ಇಲ್ಲೂ ಅದೇ ಪಾತ್ರ.

1967ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಉಸ್ತುವಾರಿಯೇ ದೇವರ ಆಸ್ತಿಯನ್ನು ಮಾರಿಬಿಟ್ಟಿದ್ದ ಪ್ರಕರಣ ಅದು. ಆಸ್ತಿ ಮಾರಿದವನೇ ಮಾರಾಟದ ವಿರುದ್ಧ ಕೇಸು ಹಾಕುವುದಿಲ್ಲ ಅಲ್ವಾ? ಅಂಥ ಸಂದರ್ಭದಲ್ಲಿ ಒಬ್ಬ ಸಾಮಾನ್ಯ ಭಕ್ತನೂ ದೇವರ ಪರವಾಗಿ ಕೋರ್ಟಿಗೆ ಬರಬಹುದು ಅಂತ ತೀರ್ಪಾಯಿತು. ಅಲ್ಲಿಗೆ ನಮ್ಮ ಮೂರು ಏರ್ಪಾಡು ಪೂರ್ತಿಯಾದವು. ಉಸ್ತುವಾರಿ ಮಾತಾಡುತ್ತಾನೆ, ದತ್ತಿ ಆಸ್ತಿ ದುಡ್ಡು ಕೊಡುತ್ತದೆ, ಭಕ್ತ ಉಸ್ತುವಾರಿಯ ಮೇಲೆ ಕಣ್ಣಿಡುತ್ತಾನೆ. ಹಕ್ಕಿನ ಜೊತೆ ಹೊಣೆಯೂ ಬಂತು. ದೇವರ ಆಸ್ತಿಯ ಆದಾಯಕ್ಕೆ ದೇವರ ಹೆಸರಲ್ಲೇ ಆದಾಯ ತೆರಿಗೆ ಹಾಕಬಹುದು ಅಂತ 1969ರಲ್ಲಿ ಅದೇ ಕೋರ್ಟ್ ಹೇಳಿತು. ತೆರಿಗೆ ಇಲಾಖೆಯ ಮುಂದೆ ದೇವರಿಗೂ ವಿನಾಯಿತಿ ಸುಮ್ನೆ ಸಿಗುವುದಿಲ್ಲ.

ಇನ್ನೊಂದು ಗೆರೆಯನ್ನೂ ಇಲ್ಲಿ ನೆನಪಿಡಬೇಕು. 2019ರ ಅಯೋಧ್ಯೆ ತೀರ್ಪಿನಲ್ಲಿ ದೇವರ ಕಡೆಯಿಂದ ಇಬ್ಬರು ವಾದಿಗಳಿದ್ದರು. ಒಬ್ಬರು ರಾಮಲಲ್ಲಾ, ಇನ್ನೊಬ್ಬರು ಜನ್ಮಸ್ಥಾನ, ಅಂದರೆ ಆ ನೆಲವೇ. ಸುಪ್ರೀಂ ಕೋರ್ಟ್ ರಾಮಲಲ್ಲಾನನ್ನು ವ್ಯಕ್ತಿ ಅಂತ ಒಪ್ಪಿತು, ನೆಲವನ್ನು ಒಪ್ಪಲಿಲ್ಲ. ದತ್ತಿ ಕೊಟ್ಟವರ ಧಾರ್ಮಿಕ ಉದ್ದೇಶ ಕಾಪಾಡಲು ವಿಗ್ರಹಕ್ಕೆ ವ್ಯಕ್ತಿತ್ವ ಕೊಟ್ಟಿದ್ದೇವೆ, ಅದು ಒಂದು ಸಾಧನ ಅಂತ ಕೋರ್ಟು ವಿವರಿಸಿತು. ನೆಲವನ್ನೇ ವ್ಯಕ್ತಿ ಅಂದುಬಿಟ್ಟರೆ ಅದರ ಮೇಲೆ ಬೇರೆಯವರಿಗಿರುವ ಎಲ್ಲ ಹಕ್ಕಿನ ವಾದಗಳೂ ಒಂದೇ ಏಟಿಗೆ ಮುಗಿದುಹೋಗುತ್ತವೆ. ನೆಲವನ್ನು ವರ್ಷಗಟ್ಟಲೆ ಅನುಭವಿಸಿಕೊಂಡು ಬಂದಿದ್ದೇನೆ, ಹಾಗಾಗಿ ನನ್ನದು ಅನ್ನಬಹುದು, ಆದರೆ ಒಬ್ಬ ವ್ಯಕ್ತಿಯನ್ನು ಇನ್ನೊಬ್ಬ ವ್ಯಕ್ತಿ ಹಾಗೆ ಪಡೆಯಲು ಆಗುವುದಿಲ್ಲವಲ್ಲ. ನದಿಗೂ ಈ ಎಚ್ಚರ ಅನ್ವಯಿಸುತ್ತದೆ. ನದಿ ಅಂದರೆ ಪಾತ್ರ, ದಂಡೆ, ನೀರು. ಅವುಗಳ ಮೇಲೆ ರೈತರಿಗೆ, ಮೀನುಗಾರರಿಗೆ, ಊರುಗಳಿಗೆ ತಲೆಮಾರುಗಳಿಂದ ಹಕ್ಕುಗಳಿವೆ.

ಈಗ ಗಂಗೆಗೆ ಬರೋಣ. ಡೆಹ್ರಾಡೂನ್ ಕಡೆಯ ಒಂದು ಕಾಲುವೆಯ ಪಕ್ಕದ ಒತ್ತುವರಿ ತೆರವು ಮಾಡಿಸಿ ಅಂತ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದು. 2017ರ ಮಾರ್ಚ್ 20ರಂದು ಉತ್ತರಾಖಂಡ ಹೈಕೋರ್ಟ್ ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಬಹಳ ಮುಂದೆ ಹೋಯಿತು. ಗಂಗೆ, ಯಮುನೆ, ಅವುಗಳ ಉಪನದಿ, ತೊರೆಗಳು ಎಲ್ಲವೂ ಕಾನೂನಿನ ವ್ಯಕ್ತಿಗಳು, ಜೀವಂತ ವ್ಯಕ್ತಿಗೆ ಇರುವ ಎಲ್ಲ ಹಕ್ಕು, ಕರ್ತವ್ಯ, ಹೊಣೆ ಅವುಗಳಿಗೆ ಇವೆ ಅಂತ ಘೋಷಿಸಿತು. ದೇವರಿಗೆ ಸಂಬಂಧಿಸಿದ ಹಳೆಯ ತೀರ್ಪುಗಳನ್ನೇ ಅದು ಆಧಾರ ಮಾಡಿಕೊಂಡಿತು. ದೇವರು ವ್ಯಕ್ತಿಯಾಗಬಹುದಾದರೆ ಕೋಟ್ಯಂತರ ಜನ ಪೂಜಿಸುವ ನದಿ ಯಾಕಾಗಬಾರದು ಅನ್ನುವುದು ಅದರ ದಾರಿ. ನದಿಗಳ ತಂದೆತಾಯಿ ಸ್ಥಾನದಲ್ಲಿ ಮೂವರನ್ನು ಕೂರಿಸಿತು. ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ಉತ್ತರಾಖಂಡದ ಮುಖ್ಯ ಕಾರ್ಯದರ್ಶಿ, ಅಡ್ವೊಕೇಟ್ ಜನರಲ್. ಹತ್ತು ದಿನದ ನಂತರ ಇನ್ನೊಂದು ಆದೇಶದಲ್ಲಿ ಹಿಮನದಿ, ಕೆರೆ, ಕಾಡು, ಗಾಳಿ ಕೂಡ ಪಟ್ಟಿಗೆ ಸೇರಿದವು.

ದೇವರ ಕಾನೂನಿನಿಂದ ಹೈಕೋರ್ಟ್ ವ್ಯಕ್ತಿ ಅನ್ನುವ ಪಟ್ಟವನ್ನು ತಂದಿತು. ಆದರೆ ಮಲ್ಲಿಕ್ ಪ್ರಕರಣದ ಎರಡನೆಯ ಮಾತು ಅದರ ಜೊತೆ ಬರಲಿಲ್ಲ. ಗಂಗೆಯನ್ನು ಯಾರಿಂದ ಕಾಪಾಡಬೇಕಿತ್ತು? ಕೊಳಚೆ ನೀರನ್ನು ಶುದ್ಧ ಮಾಡದೆ ಬಿಡುವ ಊರಿನ ಆಡಳಿತಗಳಿಂದ, ಒತ್ತುವರಿ ನೋಡಿಯೂ ಸುಮ್ಮನಿರುವ ಇಲಾಖೆಗಳಿಂದ, ಅಣೆಕಟ್ಟಿಗೆ ಒಪ್ಪಿಗೆ ಕೊಡುವ ಸರ್ಕಾರದಿಂದ. ಪೋಷಕರಾಗಿ ಬಂದವರು ಯಾರು? ಆ ಸರ್ಕಾರದ ಅತಿ ದೊಡ್ಡ ಅಧಿಕಾರಿ ಮತ್ತು ಆ ಸರ್ಕಾರವನ್ನು ಕೋರ್ಟಿನಲ್ಲಿ ಸಮರ್ಥಿಸುವುದೇ ಕೆಲಸವಾಗಿರುವ ವಕೀಲರು. ಉಸ್ತುವಾರಿಯೇ ಆಸ್ತಿ ಮಾರಿದ ಹಳೆಯ ಕೇಸಿನ ಪರಿಸ್ಥಿತಿಯನ್ನು ಆದೇಶ ಮೊದಲ ದಿನವೇ ತಂದಿಟ್ಟಿತು. ನದಿಗೆ ಸ್ವಂತ ಖಾತೆಯನ್ನೂ ಅದು ಕೊಡಲಿಲ್ಲ.

ಆಮೇಲೆ ನಡೆದದ್ದು ಈ ಲೋಪಕ್ಕೆ ಸಾಕ್ಷಿಯ ಹಾಗಿದೆ. ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ಉತ್ತರಾಖಂಡ ಸರ್ಕಾರವೇ. ಮಗುವಿಗೆ ವ್ಯಕ್ತಿತ್ವ ಬೇಡ ಅಂತ ಪೋಷಕರ ಕಡೆಯವರೇ ಅರ್ಜಿ ಹಾಕಿದ ಹಾಗಾಯ್ತು. ಅವರ ಪ್ರಶ್ನೆಗಳು ಮಾತ್ರ ತಳ್ಳಿಹಾಕುವಂಥವಲ್ಲ. ಗಂಗೆ ಬೇರೆ ರಾಜ್ಯಗಳಲ್ಲೂ ಹರಿಯುತ್ತದೆ, ಅಲ್ಲಿನ ವಿಷಯಕ್ಕೆ ಒಂದು ರಾಜ್ಯದ ಮುಖ್ಯ ಕಾರ್ಯದರ್ಶಿ ಹೇಗೆ ಪೋಷಕ? ಪ್ರವಾಹದಲ್ಲಿ ಜನ ಸತ್ತರೆ ನದಿಯ ಮೇಲೆ ಪರಿಹಾರದ ಕೇಸು ಹಾಕಬಹುದೇ, ಆಗ ದುಡ್ಡು ಕಟ್ಟುವವರು ಯಾರು? ಜುಲೈ 7ರಂದು ಸುಪ್ರೀಂ ಕೋರ್ಟ್ ಆದೇಶಕ್ಕೆ ತಡೆ ಕೊಟ್ಟಿತು.

ಇದನ್ನು ಬೆಂಗಳೂರಿಗೆ ತಂದು ನೋಡೋಣ. ನಾಳೆ ಹೈಕೋರ್ಟ್ ವೃಷಭಾವತಿಯನ್ನು ಅದೇ ಮಾತುಗಳಲ್ಲಿ ವ್ಯಕ್ತಿ ಅಂತ ಘೋಷಿಸಿತು ಅಂದುಕೊಳ್ಳಿ. ಪೋಷಕರಾಗಿ ಮುಖ್ಯ ಕಾರ್ಯದರ್ಶಿಯನ್ನೇ ನೇಮಿಸಿತು. ನದಿಯ ಮೊದಲ ಕೇಸು ಯಾರ ಮೇಲೆ? ಊರಿನ ಒಳಚರಂಡಿ ನೋಡಿಕೊಳ್ಳುವುದು ಜಲಮಂಡಳಿ. ರಾಜಕಾಲುವೆ ನಗರಾಡಳಿತದ್ದು. ಕಾರ್ಖಾನೆಗಳ ಮೇಲೆ ಕಣ್ಣಿಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ಮೂರೂ ಸರ್ಕಾರದ ಕೈಕೆಳಗಿನವು. ಪೋಷಕರು ತಮ್ಮ ಮನೆಯವರ ಮೇಲೆಯೇ ಕೇಸಿಗೆ ಸಹಿ ಹಾಕಬೇಕು. ಹಾಕುತ್ತಾರೆ ಅಂತ ನೀವು ನಂಬುತ್ತೀರಾ? ನಾನಂತೂ ನಂಬುವುದಿಲ್ಲ.

ಎರಡನೆಯದು ಹೊಣೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಈ ನದಿಯ ಪಕ್ಕದಲ್ಲೇ ಇದೆ. ಜೋರು ಮಳೆ ಬಂದಾಗ ಕೊಳಚೆ ಸಮೇತ ನೀರು ದೇವಸ್ಥಾನದೊಳಗೆ ನುಗ್ಗಿದ ಸುದ್ದಿ ನಾವೆಲ್ಲ ನೋಡಿದ್ದೇವೆ. ಆಂಜನೇಯಸ್ವಾಮಿ ಕಾನೂನಿನ ವ್ಯಕ್ತಿ. ವೃಷಭಾವತಿಯೂ ವ್ಯಕ್ತಿಯಾದರೆ ಆಂಜನೇಯ ಅವಳ ಮೇಲೆ ನಷ್ಟ ಪರಿಹಾರದ ಕೇಸು ಹಾಕಬಹುದು! ಕೇಳಲು ತಮಾಷೆ. ಆದರೆ ಎಲ್ಲ ಹಕ್ಕು, ಕರ್ತವ್ಯ, ಹೊಣೆ ಅಂತ ಬರೆದರೆ ತರ್ಕ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, ರಾಜಕಾಲುವೆ ಕಿರಿದು ಮಾಡಿದ, ಹೂಳು ತೆಗೆಸದ ಮನುಷ್ಯರ ತಪ್ಪು ಈ ದಾರಿಯಲ್ಲಿ ನದಿಯ ತಲೆಗೆ ಬೀಳುತ್ತದೆ. ಸಾಲೊಮನ್ ಕಂಪನಿಯ ಹಿಂದೆ ನಿಂತ ಹಾಗೆ ಇಲಾಖೆಗಳು ನದಿಯ ಹಿಂದೆ ನಿಲ್ಲಬಹುದು.

ಮೂರನೆಯದು ನನಗೆ ಅತಿ ಕಷ್ಟದ್ದು ಅನ್ನಿಸುತ್ತದೆ. ನದಿಗೆ ಬೇಕಾದದ್ದು ಏನು? ಕಂಪನಿಯ ಉದ್ದೇಶ ಅದರ ದಾಖಲೆಯಲ್ಲಿ ಬರೆದಿರುತ್ತದೆ. ದೇವರ ವಿಷಯದಲ್ಲಿ ದತ್ತಿ ಕೊಟ್ಟವರ ಇಚ್ಛೆ, ಪೂಜಾ ಪದ್ಧತಿ ಇವೆ. ವೃಷಭಾವತಿಗೆ ಅಂಥದ್ದು ಏನೂ ಇಲ್ಲ. ಅವಳದು ಮಳೆಗಾಲದ ತೊರೆ. ಇವತ್ತು ಬೇಸಿಗೆಯಲ್ಲೂ ತುಂಬಿ ಹರಿಯುವುದಕ್ಕೆ ಕಾರಣ ಊರಿನ ಕೊಳಚೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿದ ಕಾವೇರಿ ನೀರು ನಮ್ಮ ಬಚ್ಚಲು, ಶೌಚಾಲಯ ದಾಟಿ, ಇದೇ ಕಣಿವೆಯಲ್ಲಿ ಇಳಿದು, ಮತ್ತೆ ಕಾವೇರಿಗೇ ಸೇರುತ್ತದೆ. ಕೊಳಚೆಯನ್ನು ಪೂರ್ತಿ ತಡೆದರೆ ನದಿ ಶುದ್ಧವಾಗುತ್ತದೆ, ಜೊತೆಗೆ ವರ್ಷದ ಬಹುಪಾಲು ಒಣಗುತ್ತದೆ. ಶುದ್ಧ ಮಾಡಿದ ನೀರನ್ನು ಬೇರೆ ತಾಲ್ಲೂಕಿನ ಕೆರೆಗಳಿಗೆ ಪಂಪ್ ಮಾಡಿದರೂ ಅದೇ ಕಥೆ. ಬೈರಮಂಗಲದ ಅಚ್ಚುಕಟ್ಟಿನ ರೈತರು ಅದೇ ಕೊಳಕು ನೀರಿನಲ್ಲಿ ಬೆಳೆ ಬೆಳೆಯುತ್ತಿದ್ದಾರೆ. ಅವರಿಗೆ ನೀರು ಶುದ್ಧವಾಗಿ ಬೇಕು, ಆದರೆ ನಿಲ್ಲಬಾರದು. ನದಿಯ ಪರ ಮಾತಾಡುವವರು ಯಾವುದನ್ನು ನದಿಯ ಇಚ್ಛೆ ಅಂತ ಕೋರ್ಟಿಗೆ ಹೇಳುತ್ತಾರೆ? ಯಾರು ಹೇಳಿದರೂ ಅದು ಒಂದು ನೀರು ಹಂಚಿಕೆಯ ತೀರ್ಮಾನ. ನದಿಯ ಇಚ್ಛೆ ಅಂತ ಕರೆದಾಗ ಅದರ ರಾಜಕೀಯ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಹಾಗಂತ ನದಿಯನ್ನು ವ್ಯಕ್ತಿ ಅನ್ನುವುದೇ ಹುಚ್ಚು ಅಂತ ನಾನು ಹೇಳುತ್ತಿಲ್ಲ. ಕಂಪನಿಯನ್ನು ವ್ಯಕ್ತಿ ಅನ್ನುವುದಕ್ಕಿಂತ ಅದು ಜಾಸ್ತಿ ವಿಚಿತ್ರವೇನಲ್ಲ. ಉತ್ತರಾಖಂಡದ ಆದೇಶ ಬಂದ ಅದೇ 2017ರ ಮಾರ್ಚ್ 20ರಂದು ನ್ಯೂಜಿಲೆಂಡಿನಲ್ಲಿ ವಾಂಗನೂಯಿ ನದಿಯ ಕಾಯ್ದೆಗೆ ಅಂಕಿತ ಬಿತ್ತು. ಅಲ್ಲಿ ನದಿಯ ಮುಖವಾಗಿ ಇಬ್ಬರನ್ನು ಸೇರಿಸಿ ಕೂರಿಸುತ್ತಾರೆ. ಒಬ್ಬರನ್ನು ಸರ್ಕಾರ ಸೂಚಿಸುತ್ತದೆ, ಇನ್ನೊಬ್ಬರನ್ನು ಆ ನದಿಯ ಮಾವೊರಿ ಜನ ಸೂಚಿಸುತ್ತಾರೆ. ನದಿಗೆಂದೇ 3 ಕೋಟಿ ನ್ಯೂಜಿಲೆಂಡ್ ಡಾಲರಿನ ನಿಧಿ ಇದೆ. ಸರ್ಕಾರದ ಒಡೆತನದಲ್ಲಿದ್ದ ನದಿಪಾತ್ರವನ್ನು ನದಿಗೆ ಬರೆದುಕೊಟ್ಟರು. ನೀರಿನ ಒಡೆತನ ಮಾತ್ರ ಕೊಡಲಿಲ್ಲ. ಮೊದಲಿಂದ ಇದ್ದ ಖಾಸಗಿ ಹಕ್ಕುಗಳನ್ನು ಮುಟ್ಟಲಿಲ್ಲ. ತಲೆಮಾರುಗಳ ಕಾಲ ನದಿಗಾಗಿ ಹೋರಾಡಿದ ಜನರ ಜೊತೆ ಕೂತು ಮಾಡಿಕೊಂಡ ಒಪ್ಪಂದ ಅದು. ಹಾಗಾಗಿ ಅದನ್ನು ಹಾಗೇ ಎತ್ತಿ ತಂದು ಮೈಸೂರು ರಸ್ತೆಯಲ್ಲಿ ನೆಡಲು ಆಗುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ನಮ್ಮಲ್ಲಿ ನದಿಯ ಪರ ಕೋರ್ಟಿಗೆ ಹೋಗಲು ನದಿ ವ್ಯಕ್ತಿ ಆಗಬೇಕಾಗಿಯೇ ಇಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇದೆ. ಹಸಿರು ನ್ಯಾಯಮಂಡಳಿ ಇದೆ. 1974ರ ಜಲಮಾಲಿನ್ಯ ಕಾಯ್ದೆಯಲ್ಲಿ ಯಾವ ನಾಗರಿಕ ಬೇಕಾದರೂ 60 ದಿನದ ನೋಟಿಸ್ ಕೊಟ್ಟು ನೇರವಾಗಿ ದೂರು ದಾಖಲಿಸಬಹುದು. ಹಾಗಿದ್ದ ಮೇಲೆ ಈ ಹೊಸ ಪಟ್ಟ ಯಾಕೆ? ಆಕ್ಷೇಪದ ಬಹುಪಾಲನ್ನು ನಾನು ಒಪ್ಪುತ್ತೇನೆ. ಕೋರ್ಟಿನ ಬಾಗಿಲು ತೆರೆಯಲು ಈ ಪಟ್ಟ ಬೇಡ. ಆದರೆ ದುಡ್ಡಿನ ವಿಷಯದಲ್ಲಿ ಅದರಿಂದ ಉಪಯೋಗ ಇದೆ. ಬೆಳ್ಳಂದೂರು ಕೆರೆ ಹಾಳು ಮಾಡಿದ್ದಕ್ಕೆ 2018ರಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಇಂಥ ದಂಡದಲ್ಲಿ ಹಾನಿಯಾದ ಕೆರೆ ಎಲ್ಲೂ ಹಣ ಪಡೆಯುವವರ ಪಟ್ಟಿಯಲ್ಲಿ ಇರುವುದಿಲ್ಲ. ದುಡ್ಡು ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಸಾಧ್ಯತೆಯೇ ಹೆಚ್ಚು. ಕೆರೆ ಅಥವಾ ನದಿ ವ್ಯಕ್ತಿಯಾದರೆ ಪರಿಹಾರ ಅದರ ಆಸ್ತಿ. ಬೇರೆ ಕೆಲಸಕ್ಕೆ ಬಳಸಿದರೆ ದೇವರ ದುಡ್ಡು ತಿಂದ ಹಾಗೆಯೇ ಕೇಸು ಹಾಕಬಹುದು.

ಹಾಗಾಗಿ ವೃಷಭಾವತಿಗೆ ವ್ಯಕ್ತಿತ್ವ ಕೊಡುವುದಾದರೆ ಅದು ಒಂದು ಸಾಲಿನ ಘೋಷಣೆಯಾಗಿ ಕೋರ್ಟಿನಿಂದ ಬರಬಾರದು, ವಿಧಾನಸಭೆಯಲ್ಲಿ ಚರ್ಚೆಯಾಗಿ ಕಾಯ್ದೆಯಾಗಿ ಬರಬೇಕು. ಹಕ್ಕು ಯಾವುದು ಅಂತ ಅದರಲ್ಲಿ ಬರೆದಿರಬೇಕು. ಪ್ರವಾಹದ ಹೊಣೆ ನದಿಗಿಲ್ಲ, ಕಾಲುವೆ ಕೆಡಿಸಿದವರಿಗೆ ಅಂತಲೂ ಬರೆದಿರಬೇಕು. ಮಾತಾಡುವವರಲ್ಲಿ ಒಬ್ಬರಾದರೂ ಸರ್ಕಾರದ ಸಂಬಳದಲ್ಲಿ ಇರಬಾರದು, ಅವರನ್ನು ತೆಗೆಯುವ ಅಧಿಕಾರ ಕೋರ್ಟಿಗಿರಲಿ, ಅವರ ಮೇಲೆ ದಂಡೆಯ ಯಾವ ನಿವಾಸಿಯಾದರೂ ದೂರು ಕೊಡುವಂತಿರಲಿ. ದಂಡದ ಹಣ ನದಿಯ ಹೆಸರಿನ ಖಾತೆಗೇ ಬರಲಿ.

ಕಾಯ್ದೆ ಬರುವ ತನಕ ಕಾಯಬೇಕಾಗಿಯೂ ಇಲ್ಲ. ನದಿಯ ಕುರಿತ ಯಾವುದೇ ಅರ್ಜಿಯಲ್ಲಿ ಹೈಕೋರ್ಟ್ ಸ್ವತಂತ್ರ ವಕೀಲರೊಬ್ಬರನ್ನು ತನ್ನ ನೆರವಿಗೆ ನೇಮಿಸಿ, ನದಿಯ ಕಡೆಯಿಂದ ನೋಡಿ ಹೇಳಿ ಅನ್ನಬಹುದು. ಮಲ್ಲಿಕ್ ಕೇಸಿನಲ್ಲಿ ದೇವರಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಆ ವಕೀಲರು ಮೊದಲು ಹೋಗಬೇಕಾದದ್ದು ಬೈರಮಂಗಲಕ್ಕೆ. ಬೇಸಿಗೆಯಲ್ಲಿ ಎಷ್ಟು ನೀರು ಹರಿಯಲೇಬೇಕು, ಎಷ್ಟು ಶುದ್ಧವಾಗಿರಬೇಕು, ಯಾವ ತಿಂಗಳಲ್ಲಿ ತೂಬಿಗೆ ಎಷ್ಟು ಬಿಡಬೇಕು ಅಂತ ಅಲ್ಲಿನ ರೈತರ ಜೊತೆ ಕೂತು ಬರೆದುಕೊಳ್ಳಬೇಕು. ಆ ಅಂಕಿಗಳು ಕೈಯಲ್ಲಿಲ್ಲದೆ ಕೋರ್ಟಿನಲ್ಲಿ ನದಿಯ ಪರವಾಗಿ ಎದ್ದು ನಿಂತರೆ ಕೇಳುವುದಾದರೂ ಏನನ್ನು?